ಚೆಂಡೆಯ ಏಟಿಗೆ ಒಳಗೆ ಎಷ್ಟು ಜಾಗ? ಫ್ಲೋಟಿಂಗ್ ಪಾಯಿಂಟ್ ಮತ್ತು ಫಿಕ್ಸೆಡ್ ಪಾಯಿಂಟ್ ಹೋಲಿಕೆ

ಆಷಾಢದ ಮಳೆಯಲ್ಲಿ ಕೊಪ್ಪ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ನಡೆದ ತಾಳಮದ್ದಳೆಯನ್ನು ಎಂಟು ಮೈಕುಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. ಭಾಗವತರು, ಚೆಂಡೆ, ಮದ್ದಳೆ ಮತ್ತು ಶ್ರುತಿಪೆಟ್ಟಿಗೆಗೆ ಒಂದೊಂದು, ನಾಲ್ವರು ಅರ್ಥಧಾರಿಗಳಿಗೆ ನಾಲ್ಕು. ಎಂಟೂ ಟ್ರ್ಯಾಕ್‌ಗಳನ್ನು ಕೂಡಿಸಿ, ಭಾಗವತರ ಸಾಹಿತ್ಯ ಸ್ಪಷ್ಟವಾಗಿ ಕೇಳಲೆಂದು ಈಕ್ವಲೈಸರ್‌ನಲ್ಲಿ ಸ್ವಲ್ಪ ಎತ್ತಿ, ಮುಂದಿನ ಕೆಲಸಕ್ಕೆಂದು 24 ಬಿಟ್ ಫೈಲಾಗಿ ಉಳಿಸಿದೆ. ಮರುದಿನ ತೆರೆದು ನೋಡಿದರೆ ಚೆಂಡೆಯ ಪ್ರತಿ ಏರುಪೆಟ್ಟಿನ ತುದಿಯೂ ಕತ್ತರಿಸಿದಂತೆ ಚಪ್ಪಟೆಯಾಗಿತ್ತು. ಮಿಕ್ಸ್ ಮಾಡುವಾಗ ಮಾನಿಟರ್ ಫೇಡರ್ ಇಳಿಸಿಯೇ ಕೇಳಿದ್ದರಿಂದ ಆಗ ಕಿವಿಗೆ ಯಾವ ತೊಂದರೆಯೂ ಗೊತ್ತಾಗಿರಲಿಲ್ಲ. ತಂತ್ರಾಂಶದೊಳಗೆ ಕ್ಷೇಮವಾಗಿದ್ದ ಪೆಟ್ಟು ಫೈಲಿಗೆ ಇಳಿಯುವಾಗ ಏಕೆ ಸತ್ತಿತು ಎಂಬುದನ್ನು ತಿಳಿಯಲು ಕಂಪ್ಯೂಟರ್ ಸಂಖ್ಯೆಗಳನ್ನು ಇಡುವ ಫಿಕ್ಸೆಡ್ ಪಾಯಿಂಟ್, ಫ್ಲೋಟಿಂಗ್ ಪಾಯಿಂಟ್ ಎಂಬ ಎರಡೂ ಬಗೆಯ ಗಣಿತವನ್ನು ನಾನೇ ಬರೆದು, ಅದೇ ಧ್ವನಿಮುದ್ರಣವನ್ನು ಎರಡರಲ್ಲೂ ಹರಿಸಿ ನೋಡಿದೆ.

ಫಿಕ್ಸೆಡ್ ಪಾಯಿಂಟ್‌ಗೆ 28 ಬಿಟ್‌ನ 5.23 ಎಂಬ ಕ್ರಮವನ್ನು ಆರಿಸಿಕೊಂಡೆ. ಸ್ಪೀಕರ್ ಪೆಟ್ಟಿಗೆಗಳಿಗೆ ಹಾಕುವ ಎಡಿಎಯು1701 ಎಂಬ ಚಿಪ್ ಬಳಸುವುದು ಇದನ್ನೇ. ಇದರಲ್ಲಿ ದಶಮಾಂಶ ಚುಕ್ಕಿಯಂಥ ಬಿಂದು ಒಂದೇ ಕಡೆ ನೆಟ್ಟಿರುತ್ತದೆ: ಅದರ ಕೆಳಗೆ 23 ಬಿಟ್, ಮೇಲೆ ಚಿಹ್ನೆಯೂ ಸೇರಿ 5 ಬಿಟ್. ಹೊರಜಗತ್ತಿನ ಪೂರ್ಣ ಮಟ್ಟವನ್ನು 1 ಎಂದುಕೊಂಡರೆ ಒಳಗೆ 16ರವರೆಗೆ ಹೋಗಬಹುದು. ಅಂದರೆ ಪೂರ್ಣ ಮಟ್ಟದ ಮೇಲೆ 24 ಡೆಸಿಬೆಲ್ ಖಾಲಿ ಜಾಗ, ಹೆಡ್‌ರೂಮ್. ಧ್ವನಿಯ ಅಂಕಿ x ಅನ್ನು ಗುಣಕ gಯಿಂದ ಗುಣಿಸುವುದು ಹೀಗಿರುತ್ತದೆ, ಕೊನೆಯ ಎರಡು ಸಾಲು ಉತ್ತರವನ್ನು ಮಿತಿಯಲ್ಲೇ ತಡೆಯುತ್ತವೆ:

```c
int64_t y = ((int64_t)x * g) >> 23;
if (y >  134217727) y =  134217727;
if (y < -134217728) y = -134217728;
```

32 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಬಿಂದು ಸಂಖ್ಯೆಯ ಜೊತೆಗೇ ಸರಿಯುತ್ತದೆ. ಒಂದು ಬಿಟ್ ಚಿಹ್ನೆಗೆ, 8 ಬಿಟ್ ಬಿಂದುವಿನ ಸ್ಥಾನಕ್ಕೆ, ಉಳಿದ 23 ಬಿಟ್ ಅಂಕಿಗಳಿಗೆ. ಬರೆಯದೆಯೂ ಇದ್ದೇ ಇರುವ ಒಂದು ಬಿಟ್ಟನ್ನು ಸೇರಿಸಿದರೆ ನಿಖರತೆ 24 ಬಿಟ್. ಮೇಲಿನ ಮಿತಿ ಪೂರ್ಣ ಮಟ್ಟಕ್ಕಿಂತ ಸುಮಾರು 770 ಡೆಸಿಬೆಲ್ ಎತ್ತರದಲ್ಲಿದೆ. ಯಾವ ಚೆಂಡೆಯೂ ಅಲ್ಲಿಗೆ ಮುಟ್ಟುವುದಿಲ್ಲ.

ಮೊದಲು ನಿಜವಾದ ಮಿಕ್ಸನ್ನೇ ಹರಿಸಿದೆ. ಚೆಂಡೆಯ ಸದ್ದು ಉಳಿದ ಏಳು ಮೈಕುಗಳಿಗೂ ನುಗ್ಗಿದ್ದರಿಂದ ಎಂಟನ್ನೂ ಕೂಡಿದಾಗ ತುದಿ 2ಕ್ಕೆ ಏರಿತು. ಈಕ್ವಲೈಸರ್ ದಾಟುವಾಗ 4. ಇದು 12 ಡೆಸಿಬೆಲ್‌ನಷ್ಟು ಮೇಲೆ, ಆದರೆ 16ರ ಒಳಗೇ ಇದೆ. ಕೊನೆಯಲ್ಲಿ ಎರಡನ್ನೂ ಇಳಿಸಿ ಕೇಳಿದೆ, ಫಿಕ್ಸೆಡ್ ಯಾವುದು ಫ್ಲೋಟ್ ಯಾವುದು ಎಂದು ನನಗೆ ಹೇಳಲಾಗಲಿಲ್ಲ. ಫಿಕ್ಸೆಡ್ ಪಾಯಿಂಟ್ ಎಂದರೆ ಒರಟು ಸದ್ದು ಎಂಬ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ನನ್ನ ಫೈಲನ್ನು ಕೆಡಿಸಿದ್ದು ಲೆಕ್ಕದ ಬಗೆಯಲ್ಲ, 4ರಷ್ಟು ಎತ್ತರದ ಪೆಟ್ಟನ್ನು 1ಕ್ಕಿಂತ ಹೆಚ್ಚಿಗೆ ಜಾಗವೇ ಇಲ್ಲದ 24 ಬಿಟ್ ಫೈಲಿಗೆ ತುರುಕಿದ್ದು. ಅದೇ ಮಿಕ್ಸನ್ನು 32 ಬಿಟ್ ಫ್ಲೋಟ್ ಫೈಲಾಗಿ ಉಳಿಸಿ ಮರುದಿನ 12 ಡೆಸಿಬೆಲ್ ಇಳಿಸಿದಾಗ ಎರಡು ಬಿಟ್ಟು ಉಳಿದ ತುದಿಗಳೆಲ್ಲ ಮರಳಿ ಬಂದವು.

ವ್ಯತ್ಯಾಸ ಕಾಣಬೇಕಾದರೆ ಮಿತಿಯನ್ನು ದಾಟಿಸಲೇಬೇಕಿತ್ತು. 0.9 ಎತ್ತರದ ಒಂದು ತುದಿಯನ್ನು ಮೊದಲು 8ರಿಂದ, ಆಮೇಲೆ 4ರಿಂದ ಗುಣಿಸಿ, ಕೊನೆಗೆ 32ರಿಂದ ಭಾಗಿಸಿದೆ. ಎರಡು ಮೆಟ್ಟಿಲು ಏಕೆಂದರೆ 5.23ರಲ್ಲಿ ಗುಣಕವೂ 16ನ್ನು ಮುಟ್ಟುವಂತಿಲ್ಲ. ಫ್ಲೋಟ್‌ನಲ್ಲಿ 0.9 ಕೂದಲೆಳೆಯೂ ಬದಲಾಗದೆ ಹಿಂದಿರುಗಿತು. ಎರಡರ ಘಾತಗಳಿಂದ ಗುಣಿಸಿದಾಗ ಬಿಂದುವಷ್ಟೇ ಸರಿಯುತ್ತದೆ, ಅಂಕಿಗಳು ಅಲುಗುವುದಿಲ್ಲ. ಮೂಲದಿಂದ ಕಳೆದರೆ ಉಳಿದದ್ದು ಸೊನ್ನೆ. ಫಿಕ್ಸೆಡ್‌ನಲ್ಲಿ 28.8 ಆಗಬೇಕಿದ್ದದ್ದು 16ಕ್ಕೆ ತಡೆದು ನಿಂತಿತು, ಭಾಗಿಸಿದ ಮೇಲೆ 0.5 ಎತ್ತರದಲ್ಲಿ ಚಪ್ಪಟೆಯಾದ ತುದಿ ಸಿಕ್ಕಿತು. ಮೀಟರ್ ಇದನ್ನು ತೋರಿಸುವುದಿಲ್ಲ ಎಂಬುದೇ ಇಲ್ಲಿನ ಅಪಾಯ: ಕೆಂಪು ದೀಪವೂ ಇಲ್ಲ, ಮಟ್ಟ ಅರ್ಧದಲ್ಲಿದೆ, ಆದರೆ ಚೆಂಡೆ ಒಡೆದ ತಗಡಿನಂತೆ ಕೇಳುತ್ತದೆ.

ಕೋಡಿನ ಕೊನೆಯ ಎರಡು ತಡೆಸಾಲುಗಳನ್ನು ತೆಗೆದು, ಲೆಕ್ಕ 28 ಬಿಟ್‌ನಲ್ಲಿ ಸುತ್ತಿ ಬರಲು ಬಿಟ್ಟಾಗ ಇನ್ನೂ ಕೆಟ್ಟದಾಯಿತು. 28.8 ಸುತ್ತಿ ‑3.2 ಆಯಿತು, ಭಾಗಿಸಿದಾಗ ‑0.1. ಅತಿ ಎತ್ತರದ ಪೆಟ್ಟು ಇರಬೇಕಾದಲ್ಲಿ ಅಲೆ ಎದುರು ದಿಕ್ಕಿಗೆ ಜಿಗಿದು, ಸಿಡಿದಂಥ ಶಬ್ದ. ಹಾಗೆಂದು ಸುತ್ತುವಿಕೆಯನ್ನು ಪೂರ್ತಿ ತಳ್ಳಿಹಾಕಲಾರೆ. 10, 10 ಮತ್ತು ‑8 ಅನ್ನು ಕೂಡಿಸಿ ನೋಡಿ. ನಡುವೆ 20 ಬಂದು ‑12ಕ್ಕೆ ಸುತ್ತುತ್ತದೆ, ‑8 ಸೇರಿದಾಗ ಮತ್ತೆ ಸುತ್ತಿ ಸರಿಯಾದ 12ಕ್ಕೇ ಬಂದು ನಿಲ್ಲುತ್ತದೆ. ಪ್ರತಿ ಹೆಜ್ಜೆಯಲ್ಲೂ ತಡೆ ಹಾಕಿದ್ದರೆ ಉತ್ತರ 8 ಆಗುತ್ತಿತ್ತು. ಆದ್ದರಿಂದ ತಡೆ ಇರಬೇಕಾದದ್ದು ಮೊತ್ತದ ಕೊನೆಯಲ್ಲಿ. ಹಳೆಯ ಮೋಟೊರೋಲಾ 56000 ಚಿಪ್ಪಿನಲ್ಲಿ 24 ಬಿಟ್ ಲೆಕ್ಕಕ್ಕೆ ಮೊತ್ತ ಕೂಡಿಡಲು 56 ಬಿಟ್‌ನ ಸಂಚಯಕ ಇಟ್ಟು, ಮೇಲೆ 8 ಬಿಟ್ ಅಂದರೆ 48 ಡೆಸಿಬೆಲ್ ಖಾಲಿ ಬಿಟ್ಟದ್ದೂ ನಡುವಿನ ಮೊತ್ತಗಳು ಉಕ್ಕಿದರೂ ಉಳಿಯಲೆಂದೇ.

ಫಿಕ್ಸೆಡ್‌ನಲ್ಲಿ ಬಾಳುವ ದಾರಿ ಮೊದಲೇ ಇಳಿಸುವುದು. 32ರಿಂದ ಮೊದಲು ಭಾಗಿಸಿ ಆಮೇಲೆ ಎತ್ತಿದಾಗ ತುದಿ ಉಳಿಯಿತು, ಅದಕ್ಕೆ ಬದಲಾಗಿ ತಳದ 5 ಬಿಟ್ ಹೋಯಿತು. ಉಳಿದ ದೋಷ ಪೂರ್ಣ ಮಟ್ಟಕ್ಕಿಂತ ಸುಮಾರು 108 ಡೆಸಿಬೆಲ್ ಕೆಳಗೆ. ಹಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಅದಕ್ಕಿಂತ ಎಷ್ಟೋ ಮೇಲಿತ್ತು, ಶ್ರುತಿಯ ಕೊನೆಯ ಎಳೆಯಲ್ಲೂ ನನಗೆ ಏನೂ ಕೇಳಿಸಲಿಲ್ಲ. ಸದ್ದಿಲ್ಲದ ಸ್ಟುಡಿಯೋದಲ್ಲಿ ಇಂಥ ಇಳಿಕೆಗಳನ್ನು ಹತ್ತು ಹಂತಗಳಲ್ಲಿ ಮಾಡಿದರೆ ಮಾತು ಬೇರೆಯಾದೀತು.

ಫ್ಲೋಟ್ ಸೋಲುವ ಜಾಗವನ್ನೂ ಹೇಳಬೇಕು. ಗುಡುಗಿನ ಗೊಗ್ಗರ ತೆಗೆಯಲು 20 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ ಹಾಕಿದಾಗ ಅದರ ಗುಣಕಗಳು 2ಕ್ಕೆ ತೀರಾ ಹತ್ತಿರ ಬರುತ್ತವೆ. 1ರಿಂದ 2ರ ನಡುವೆ 32 ಬಿಟ್ ಫ್ಲೋಟ್‌ನ ಒಂದು ಹೆಜ್ಜೆ ಎಷ್ಟೋ, 5.23ರ ಹೆಜ್ಜೆಯೂ ಅಷ್ಟೇ: ಎರಡರ ಋಣ 23ನೇ ಘಾತ. 2ರ ಆಚೆ ಫ್ಲೋಟ್‌ನ ಹೆಜ್ಜೆಯೇ ದೊಡ್ಡದು. 770 ಡೆಸಿಬೆಲ್ ಎತ್ತರವಿದ್ದರೂ ಇಂಥ ಫಿಲ್ಟರ್‌ಗೆ ಅದರಿಂದ ಒಂದಿಷ್ಟೂ ಲಾಭವಿಲ್ಲ. ಈಗ ನಾನು ಕೆಳಸ್ವರದ ಫಿಲ್ಟರ್‌ಗಳನ್ನು 53 ಬಿಟ್ ನಿಖರತೆಯ 64 ಬಿಟ್ ಫ್ಲೋಟ್‌ನಲ್ಲೇ ಲೆಕ್ಕ ಹಾಕುತ್ತೇನೆ.

ಮಿಕ್ಸ್ ಕೆಲಸಕ್ಕೆ ನನ್ನ ಆಯ್ಕೆ ಫ್ಲೋಟ್, ನಡುವಿನ ಫೈಲುಗಳೂ ಸೇರಿ. ಸ್ಪೀಕರ್ ಪೆಟ್ಟಿಗೆಯೊಳಗೆ ಫಿಕ್ಸೆಡ್ ಚಿಪ್ ಇದ್ದರೆ ಎತ್ತುವ ಮೊತ್ತವನ್ನೆಲ್ಲ ಕಾಗದದ ಮೇಲೆ ಕೂಡಿಸಿ, 24 ಡೆಸಿಬೆಲ್ ದಾಟುವಷ್ಟನ್ನು ಆರಂಭದಲ್ಲೇ ಇಳಿಸುತ್ತೇನೆ.

ಇಷ್ಟಾದರೂ ಆ ರಾತ್ರಿಯ ಚೆಂಡೆಯ ಎರಡು ಪೆಟ್ಟುಗಳು ಸರಿಯಾಗಲಿಲ್ಲ. ಫ್ಲೋಟ್ ಫೈಲಿನಲ್ಲಿ ಎಷ್ಟು ಇಳಿಸಿದರೂ ಅವುಗಳ ತುದಿ ಚಪ್ಪಟೆಯಾಗಿಯೇ ಇತ್ತು. ಮೂಲ ಟ್ರ್ಯಾಕ್ ತೆರೆದು ನೋಡಿದಾಗ ಎರಡೂ ಸರಿಯಾಗಿ 1ರಲ್ಲಿ ನಿಂತಿದ್ದವು: ಮೈಕಿನ ವೋಲ್ಟೇಜು ಅಂಕಿಯಾಗುವ ಹೊತ್ತಿಗೇ ಅವು ಕತ್ತರಿಸಿಹೋಗಿದ್ದವು. ಮುಂದಿನ ತಾಳಮದ್ದಳೆಗೆ ಚೆಂಡೆಯ ಮೈಕಿನ ಗೇನನ್ನು 10 ಡೆಸಿಬೆಲ್ ಇಳಿಸಿಟ್ಟಿದ್ದೇನೆ.