ಒಂದು ಗೆರೆ, ಊರಿಗೊಂದು ಗೆರೆ, ಒಂದು ಬಾಗು: ಧಾರವಾಡದ ಮಳೆ ಮತ್ತು ಗೋವಿನಜೋಳ

ಧಾರವಾಡ ಜಿಲ್ಲೆಯಲ್ಲಿ ಮಳೆ ಗೋವಿನಜೋಳದ ಇಳುವರಿಯನ್ನು ಹೇಗೆ ಬದಲಿಸುತ್ತದೆ ಅಂತ ಮೂರು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದೆ. ಇಳುವರಿ ಅಂಕಿ ಬೆಳೆ ವಿಮೆಗೆಂದು ಪಂಚಾಯಿತಿವಾರು ನಡೆಯುವ ಬೆಳೆ ಕಟಾವು ಪ್ರಯೋಗದ್ದು. ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂಚಾಯಿತಿ ಮಳೆಮಾಪಕದಲ್ಲಿ ಬಿದ್ದ ಒಟ್ಟು ಮಿಲಿಮೀಟರ್.

ಮೊದಲು ಸಾದಾ ರಿಗ್ರೆಶನ್, ಅಂದರೆ ಇಡೀ ಜಿಲ್ಲೆಗೆ ಒಂದೇ ಗೆರೆ. ಗೆರೆ ಹೆಚ್ಚುಕಡಿಮೆ ಮಲಗಿಬಿಟ್ಟಿತು. ಮಳೆಗೂ ಇಳುವರಿಗೂ ಸಂಬಂಧವೇ ಇಲ್ಲ ಅಂತ ಅದರ ಅರ್ಥ. ಕುಂದಗೋಳದ ರೈತರ ಮುಂದೆ ಹೀಗೆ ಹೇಳಿದರೆ ನಗುತ್ತಾರೆ, ಅಲ್ವಾ? ಗೆರೆ ಹೇಳಿದ ಇಳುವರಿಗೂ ನಿಜ ಇಳುವರಿಗೂ ಇರುವ ಅಂತರವನ್ನು ನಕ್ಷೆಯ ಮೇಲೆ ಹಾಕಿದೆ. ತಪ್ಪುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಹೆಚ್ಚು ಅಂದಾಜಾದ ಊರುಗಳು ಒಂದು ಕಡೆ, ಕಡಿಮೆ ಅಂದಾಜಾದವು ಇನ್ನೊಂದು ಕಡೆ ಗುಂಪಾಗಿದ್ದವು. ಒಂದೇ ಗೆರೆ ಸಾಲದು ಅನ್ನೋದಕ್ಕೆ ಇದೇ ಗುರುತು.

ಎರಡನೆಯದು ಭೌಗೋಳಿಕ ತೂಕದ ರಿಗ್ರೆಶನ್, ಚಿಕ್ಕದಾಗಿ ಜಿಡಬ್ಲ್ಯುಆರ್. ಇದರಲ್ಲಿ ಪ್ರತಿ ಪಂಚಾಯಿತಿಗೂ ತನ್ನದೇ ಗೆರೆ. ಹತ್ತಿರದ ಊರಿನ ಅಂಕಿಗೆ ತೂಕ ಜಾಸ್ತಿ, ದೂರ ಹೋದಂತೆ ಕಡಿಮೆ, ಒಂದು ಮಿತಿ ದಾಟಿದರೆ ಸೊನ್ನೆ. ಆ ಮಿತಿಗೆ ಬ್ಯಾಂಡ್‌ವಿಡ್ತ್ ಅನ್ನುತ್ತಾರೆ. ಆಟವೆಲ್ಲ ಅದರಲ್ಲೇ ಇದೆ.

```r
library(GWmodel)
bw <- bw.gwr(iluvari ~ male, data = gp, approach = "AICc",
             kernel = "bisquare", adaptive = TRUE)
m <- gwr.basic(iluvari ~ male, data = gp, bw = bw,
               kernel = "bisquare", adaptive = TRUE)
```

`adaptive` ಬರೆಯದಿದ್ದರೆ R ಭಾಷೆಯ ಈ GWmodel ಪ್ಯಾಕೇಜು ಎಲ್ಲ ಕಡೆಗೂ ಒಂದೇ ದೂರ ಹಿಡಿಯುತ್ತದೆ. ಮೊದಲ ಸಲ ನಾನು ಮರೆತಿದ್ದೆ. ನವಲಗುಂದದ ಕಡೆ ಊರುಗಳು ದೊಡ್ಡವು, ದೂರದೂರ. ಅಂಚಿನ ಒಂದು ಪಂಚಾಯಿತಿಯ ಸುತ್ತ ನಾಲ್ಕೈದು ಊರಷ್ಟೇ ಸಿಕ್ಕಿ, ಗೆರೆ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. `TRUE` ಕೊಟ್ಟರೆ ದೂರದ ಬದಲು ನೆರೆಯೂರುಗಳ ಸಂಖ್ಯೆ ಹಿಡಿಯುತ್ತದೆ. ಅಂಥ ಹುಚ್ಚು ಇಳಿಜಾರುಗಳು ಆಗ ಮಾಯವಾದವು.

ಈಗ ನಕ್ಷೆ ಚೆನ್ನಾಗಿ ಮಾತಾಡಿತು. ಕುಂದಗೋಳದ ಕಡೆ ಮಳೆ ಹೆಚ್ಚಾದಷ್ಟೂ ಇಳುವರಿ ಹೆಚ್ಚು. ಕಲಘಟಗಿ, ಅಳ್ನಾವರದ ಕಡೆ ತಿರುಗುಮುರುಗು. ನವಲಗುಂದದಲ್ಲಿ ಮಾತ್ರ ಸೊನ್ನೆಗೆ ಹತ್ತಿರ. ಎರೆಭೂಮಿ ನೀರು ಹಿಡಿದಿಡುತ್ತದೆ, ಅದಕ್ಕೇ ಇರಬೇಕು ಅಂತ ಕಥೆ ಕಟ್ಟಿಕೊಂಡೆ. ಸುಮ್ನೆ ಒಮ್ಮೆ ಕಡತ ತೆರೆದು ನೋಡಿದರೆ, ಮಳೆಯಾಶ್ರಿತ ಮತ್ತು ನೀರಾವರಿ ಗೋವಿನಜೋಳದ ಸಾಲುಗಳನ್ನು ನಾನೇ ಬೆರೆಸಿಬಿಟ್ಟಿದ್ದೆ! ಅಲ್ಲಿಗೆ ಮಲಪ್ರಭಾ ಕಾಲುವೆ ನೀರು ಬರುತ್ತದೆ. ಕಾಲುವೆ ಇದ್ದ ಹೊಲಕ್ಕೆ ಮಳೆಯ ಹಂಗು ಕಡಿಮೆ. ನೀರಾವರಿ ಸಾಲು ತೆಗೆದ ಮೇಲೆ ಅಲ್ಲಿಯೂ ಗೆರೆ ಮೇಲೆದ್ದಿತು. ಜಿಡಬ್ಲ್ಯುಆರ್ ಎಲ್ಲಿ ಅಂತ ತೋರಿಸುತ್ತದೆ, ಯಾಕೆ ಅನ್ನೋದನ್ನು ನಾವೇ ಹುಡುಕಬೇಕು.

ಹಾಗಾದರೆ ಕಲಘಟಗಿಯ ತಲೆಕೆಳಗಾದ ಇಳಿಜಾರು ಆ ಜಾಗದ ಗುಣವೇ, ಅಂದರೆ ಅಲ್ಲಿನ ನೆಲದಿಂದ ನೀರು ಬಸಿಯದ್ದರಿಂದ ಹೀಗೋ? ಇಲ್ಲೇ ಮೂರನೆಯ ಎದುರಾಳಿ ಬಂದದ್ದು: ಇಡೀ ಜಿಲ್ಲೆಗೆ ಒಂದೇ ಮಾದರಿ, ಆದರೆ ಗೆರೆಯ ಬದಲು ಬಾಗು. ಸಾದಾ ರಿಗ್ರೆಶನ್‌ಗೆ ಮಳೆಯ ವರ್ಗವನ್ನೂ, ಅಂದರೆ ಮಳೆಯನ್ನು ಅದರಿಂದಲೇ ಗುಣಿಸಿದ ಅಂಕಿಯನ್ನೂ, ಸೇರಿಸಿದರೆ ಆಯಿತು. ಲೆಕ್ಕಕ್ಕೆಂದು ಒಂದು ಬಾಗು ಹೀಗಿದೆ ಅಂದುಕೊಳ್ಳಿ, ಇಳುವರಿ ಎಕರೆಗೆ ಕ್ವಿಂಟಲ್ ಲೆಕ್ಕದಲ್ಲಿ:

```
iluvari = a + 0.06*male - 0.00005*male^2
```

ಇದರ ಇಳಿಜಾರು `0.06 - 0.0001*male`. 400 ಮಿ.ಮೀ. ಬೀಳುವಲ್ಲಿ ಅದು +0.02, ಅಂದರೆ 10 ಮಿ.ಮೀ. ಹೆಚ್ಚು ಮಳೆಗೆ ಎಕರೆಗೆ 20 ಕೆ.ಜಿ. ಲಾಭ. 800 ಮಿ.ಮೀ. ಬೀಳುವಲ್ಲಿ ಅದೇ −0.02, ಅಷ್ಟೇ ನಷ್ಟ. ನಿಯಮ ಎಲ್ಲ ಕಡೆ ಒಂದೇ. ಆದರೆ ಧಾರವಾಡದಲ್ಲಿ ಪಡುವಣಕ್ಕೆ ಹೋದಷ್ಟೂ ಮಳೆ ಜಾಸ್ತಿ. ಹಾಗಾಗಿ ಜಿಡಬ್ಲ್ಯುಆರ್ ಬಾಗಿನ ಏರುಭಾಗವನ್ನು ಪೂರ್ವಕ್ಕೂ ಇಳಿಭಾಗವನ್ನು ಪಶ್ಚಿಮಕ್ಕೂ ಹಂಚಿ, ಜಾಗದಿಂದ ಜಾಗಕ್ಕೆ ನಂಟು ಬೇರೆ ಅಂತ ತೋರಿಸಿಬಿಡಬಹುದು.

ಎರಡನ್ನೂ ಬಿಡಿಸಿ ನೋಡಲು ಒಂದು ದಾರಿ ಬರದ ವರ್ಷ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಗಿದ್ದವು. ನೀರು ಬಸಿಯದ ನೆಲವೇ ಕಾರಣವಾಗಿದ್ದರೆ, ಮಳೆ ಕಡಿಮೆಯಾದಾಗಲೂ ಕಲಘಟಗಿಯ ಇಳಿಜಾರು ಕೆಳಮುಖವಾಗೇ ಉಳಿಯಬೇಕಿತ್ತು. ಬಾಗು ಕಾರಣವಾದರೆ ಮೇಲ್ಮುಖವಾಗಬೇಕು. ಆ ವರ್ಷದ ಅಂಕಿ ಹಾಕಿದೆ, ಮೇಲ್ಮುಖವಾಯಿತು. ಪಶ್ಚಿಮದ ಮಟ್ಟಿಗೆ ನನ್ನ ಮತ ಬಾಗಿಗೆ. ಮಾಮೂಲಿ ವರ್ಷದ ಅಂಕಿಯಲ್ಲೂ ಬಾಗಿನ AICc, ಅಂದರೆ ಮಾದರಿ ಅಂಕಿಗೆ ಎಷ್ಟು ಹೊಂದುತ್ತದೆ, ಎಷ್ಟು ಜಟಿಲ ಅನ್ನೋದನ್ನು ಒಟ್ಟಿಗೆ ತೂಗುವ ಸಂಖ್ಯೆ, ಜಿಡಬ್ಲ್ಯುಆರ್‌ಗಿಂತ ಕೆಳಗೇ ಬಂತು. ಈ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು, ಆದರೆ 3ಕ್ಕಿಂತ ಕಡಿಮೆ ವ್ಯತ್ಯಾಸವನ್ನು ನಾನು ಗೆಲುವು ಅನ್ನುವುದಿಲ್ಲ.

ಪೂರ್ವದ ಕಥೆ ಬೇರೆ. ಬಾಗು ಹಾಕಿದ ಮೇಲೂ ಕುಂದಗೋಳ, ಅಣ್ಣಿಗೇರಿ ಕಡೆ ತಪ್ಪುಗಳು ಗುಂಪಾಗೇ ಉಳಿದವು. ಒಂದೇ ಮಳೆ ಬಿದ್ದ ಪಂಚಾಯಿತಿಗಳ ನಡುವೆಯೂ ಇಳುವರಿ ಬೇರೆ ಇತ್ತು. ಅಲ್ಲಿ ಮಾತ್ರ ಜಿಡಬ್ಲ್ಯುಆರ್ ನಿಜವಾಗಿ ಏನನ್ನೋ ಹಿಡಿದಿದೆ. ಎರೆಮಣ್ಣಿನ ಆಳ ಇರಬಹುದು. ಅದನ್ನು ಇನ್ನೊಂದು ಅಂಕಣವಾಗಿ ಬಾಗಿನ ಮಾದರಿಗೇ ಸೇರಿಸುತ್ತಿದ್ದೇನೆ. ಜಿಡಬ್ಲ್ಯುಆರ್‌ಗೆ ಸೇರಿಸಿದರೆ ಪ್ರತಿ ಗೆರೆಗೂ ಇನ್ನಷ್ಟು ನೆರೆಯೂರು ಬೇಕಾಗುತ್ತದೆ. ಇರುವುದು ನೂರು ಚಿಲ್ಲರೆ ಪಂಚಾಯಿತಿ, ಅದರಲ್ಲಿ ಗೋವಿನಜೋಳ ಬೆಳೆಯದವನ್ನು ಕಳೆದರೆ ಇನ್ನೂ ಕಡಿಮೆ.