ಕುಕ್ಕಿ ಕ್ಲಿಕ್ಕರ್ ಮತ್ತು ಅಡ್ವೆಂಚರ್ ಕ್ಯಾಪಿಟಲಿಸ್ಟ್: ಮತ್ತೆ ಮತ್ತೆ ಕರೆಯುವ ಲೆಕ್ಕ

ಮೂರು ವಾರ ಎರಡೂ ಆಟಗಳನ್ನು ಜೊತೆಜೊತೆಗೇ ಆಡಿದೆ. ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ 2013ರ ಕುಕ್ಕಿ ಕ್ಲಿಕ್ಕರ್, ಫೋನಿನಲ್ಲಿ 2014ರ ಅಡ್ವೆಂಚರ್ ಕ್ಯಾಪಿಟಲಿಸ್ಟ್. ಎರಡರಲ್ಲೂ ಮಾಡುವುದು ಒಂದೇ: ದುಡಿಸು, ಕೊಂಡುಕೋ, ಇನ್ನೂ ಜಾಸ್ತಿ ದುಡಿಸು. ಆದರೆ ನನ್ನನ್ನು ವಾಪಸ್ ಕರೆಸಿಕೊಂಡ ರೀತಿ ಮಾತ್ರ ಬೇರೆ ಬೇರೆ.

ಮೊದಲು ಬೆಲೆ ನೋಡೋಣ. ಕುಕ್ಕಿ ಕ್ಲಿಕ್ಕರ್‌ನಲ್ಲಿ ಕುಕ್ಕಿಯೇ ದುಡ್ಡು. ಕುಕ್ಕಿ ಮಾಡಿಕೊಡಲು ಕೊಳ್ಳುವ ಮೊದಲ ಅಜ್ಜಿಗೆ 100 ಕುಕ್ಕಿ. ಅವರು ಸೆಕೆಂಡಿಗೆ 1 ಕುಕ್ಕಿ ಮಾಡುತ್ತಾರೆ. ಒಬ್ಬೊಬ್ಬರನ್ನು ಕೊಂಡಾಗಲೂ ಮುಂದಿನವರ ಬೆಲೆ ಶೇ. 15 ಏರುತ್ತದೆ. ಅಂದರೆ ಬೆಲೆ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ, ಆದಾಯ ಒಂದೊಂದೇ ಕೂಡುತ್ತಾ ಹೋಗುತ್ತದೆ. 51ನೇ ಅಜ್ಜಿಯ ಬೆಲೆ ಹೀಗಿದೆ:

```
100 × 1.15^50 ≈ 1,08,366
```

ಅಪ್‌ಗ್ರೇಡ್ ಏನೂ ಇಲ್ಲ ಅಂದುಕೊಳ್ಳಿ. 50 ಅಜ್ಜಿಯರ ದುಡಿಮೆಯಿಂದಲೇ ಇಷ್ಟು ಕೂಡಿಸಲು 36 ನಿಮಿಷ ಬೇಕು. ಕೊಂಡ ಆ ಹೊಸ ಅಜ್ಜಿ ತಮ್ಮ ಬೆಲೆಯನ್ನು ತಾವೇ ತೀರಿಸಲು 30 ಗಂಟೆ! ಅಷ್ಟು ಹೊತ್ತಿಗೆ ಹೊಲ, ಗಣಿ ಅಂತ ಮುಂದಿನ ಕಟ್ಟಡಗಳು ಕೈಗೆಟುಕುತ್ತವೆ, ನಾವು ಅಲ್ಲಿಗೆ ಜಾರುತ್ತೇವೆ. ಆ ಬೆಲೆಗಳೂ ಹೀಗೇ ಏರುತ್ತವೆ, ಮತ್ತೆ ಅಂಥದ್ದೇ ಗೋಡೆ ಎದುರಾಗುತ್ತದೆ.

ಅಡ್ವೆಂಚರ್ ಕ್ಯಾಪಿಟಲಿಸ್ಟ್‌ನ ಪಾನಕದ ಅಂಗಡಿಯಲ್ಲಿ ಏರಿಕೆ ಬರೀ ಶೇ. 7. ಅಲ್ಲಿ 50 ಕೊಂಡ ಮೇಲೂ ಬೆಲೆ ಆಗಿರುವುದು ಮೊದಲಿನ ಸುಮಾರು 30 ಪಟ್ಟು ಅಷ್ಟೇ. ಅಜ್ಜಿಯ ವಿಷಯದಲ್ಲಿ ಅದು ಸಾವಿರ ಪಟ್ಟು ದಾಟಿತ್ತು. ಜೊತೆಗೆ 25, 50, 100 ಅಂಗಡಿ ಮುಟ್ಟಿದಾಗಲೆಲ್ಲ ವೇಗ ಎರಡು ಪಟ್ಟಾಗುತ್ತದೆ. ನನ್ನ ಹತ್ತಿರ 47 ಇದ್ದಾಗ ಫೋನ್ ಕೆಳಗಿಡಲು ಆಗಲೇ ಇಲ್ಲ. ಇನ್ನು ಮೂರೇ ಅಲ್ವಾ ಅನಿಸುತ್ತಿತ್ತು.

ದೊಡ್ಡ ವ್ಯತ್ಯಾಸ ಕಂಡದ್ದು ರಾತ್ರಿ. ಅಡ್ವೆಂಚರ್ ಕ್ಯಾಪಿಟಲಿಸ್ಟ್‌ನಲ್ಲಿ ಒಂದು ವ್ಯವಹಾರಕ್ಕೆ ಮ್ಯಾನೇಜರ್ ಇಟ್ಟರೆ ಸಾಕು, ಆಟ ಮುಚ್ಚಿದ್ದರೂ ಅದು ಪೂರ್ತಿ ವೇಗದಲ್ಲಿ ದುಡಿಯುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ತೆರೆದರೆ ಮೊದಲು ಕಾಣುವುದೇ ನಾವಿಲ್ಲದಾಗ ಬಂದ ಗಳಿಕೆ. ಕುಕ್ಕಿ ಕ್ಲಿಕ್ಕರ್‌ನಲ್ಲಿ ಶುರುವಿನಲ್ಲಿ ಈ ಸೌಲಭ್ಯವೇ ಇಲ್ಲ. ಒಮ್ಮೆ ರೀಸೆಟ್ ಮಾಡಿ, ಅಂದರೆ ಆಟವನ್ನು ಮೊದಲಿಂದ ಶುರು ಮಾಡಿ, Twin Gates of Transcendence ಎಂಬ ಅಪ್‌ಗ್ರೇಡ್ ಕೊಂಡ ಮೇಲಷ್ಟೇ ಅದು ಸಿಗುತ್ತದೆ. ಅದೂ ಮೊದಲ ಒಂದು ಗಂಟೆ ಮಾಮೂಲಿ ವೇಗದ ಶೇ. 5, ಆಮೇಲೆ ಶೇ. 0.5.

ನನ್ನ ಒಂದು ರಾತ್ರಿಯ ಲೆಕ್ಕ ಹೇಳುತ್ತೇನೆ. ಸೆಕೆಂಡಿಗೆ 10 ಲಕ್ಷ ಕುಕ್ಕಿ ಬರುತ್ತಿತ್ತು. ಎಂಟು ಗಂಟೆ ಮುಚ್ಚಿಟ್ಟರೆ ಮೊದಲ ಗಂಟೆಗೆ 18 ಕೋಟಿ, ಉಳಿದ ಏಳು ಗಂಟೆಗೆ 12.6 ಕೋಟಿ, ಒಟ್ಟು 30.6 ಕೋಟಿ. ಟ್ಯಾಬ್ ತೆರೆದೇ ಇಟ್ಟಿದ್ದರೆ 2,880 ಕೋಟಿ! ಅಲ್ಲಿಂದ ಲ್ಯಾಪ್‌ಟಾಪ್ ಮುಚ್ಚದೆ ಮಲಗುವುದು ರೂಢಿಯಾಯಿತು. ಮುಂದಿನ ಅಪ್‌ಗ್ರೇಡ್‌ಗಳಿಂದ ಈ ಪಾಲು ಏರುತ್ತದೆ, ನಿಜ. ಆದರೂ ಈ ಆಟಕ್ಕೆ ಬೇಕಿರುವುದು ತೆರೆದ ಟ್ಯಾಬ್ ಮತ್ತು ಎದುರಿಗೆ ಕೂತ ಮನುಷ್ಯ. ಆಗಾಗ ಮೂಡಿ ಮಾಯವಾಗುವ, ಒತ್ತಿದರೆ ಬೋನಸ್ ಕೊಡುವ ಚಿನ್ನದ ಕುಕ್ಕಿ ಇರುವುದೂ ಅದಕ್ಕೇ.

ಇನ್ನು ರೀಸೆಟ್. ಎರಡರಲ್ಲೂ ಎಲ್ಲ ಬಿಟ್ಟುಕೊಟ್ಟು ಮೊದಲಿಂದ ಶುರು ಮಾಡಿದರೆ ಶಾಶ್ವತ ಬೋನಸ್ ಸಿಗುತ್ತದೆ. ಕುಕ್ಕಿ ಕ್ಲಿಕ್ಕರ್‌ನಲ್ಲಿ ಆ ಬೋನಸ್ ಅಳೆಯುವ ಪ್ರೆಸ್ಟೀಜ್ ಮಟ್ಟಕ್ಕೆ ಘನಮೂಲದ ಲೆಕ್ಕ: ಈವರೆಗೆ ಮಾಡಿದ ಒಟ್ಟು ಕುಕ್ಕಿಯನ್ನು ಒಂದು ಲಕ್ಷ ಕೋಟಿಯಿಂದ ಭಾಗಿಸಿ ಅದರ ಘನಮೂಲ ತೆಗೆಯಬೇಕು. ಒಂದು ಲಕ್ಷ ಕೋಟಿಗೆ ಮಟ್ಟ 1. ಮಟ್ಟ 10ಕ್ಕೆ ಸಾವಿರ ಲಕ್ಷ ಕೋಟಿ. 20ಕ್ಕೆ ಎಂಟು ಸಾವಿರ ಲಕ್ಷ ಕೋಟಿ. ನಾನು ಅವಸರಪಟ್ಟು ಮಟ್ಟ 1ಕ್ಕೇ ರೀಸೆಟ್ ಒತ್ತಿದೆ. ಒಂದು ಮಟ್ಟ ಕೊಡುವುದು ಹೆಚ್ಚೆಂದರೆ ಶೇ. 1ರಷ್ಟು ಹೆಚ್ಚು ಕುಕ್ಕಿ. ಹಳೆಯ ಜಾಗಕ್ಕೆ ಮುಟ್ಟಲು ಹೆಚ್ಚುಕಮ್ಮಿ ಮೊದಲಿನಷ್ಟೇ ಹೊತ್ತು ಹಿಡಿಯಿತು. ಪಳಗಿದ ಆಟಗಾರರು ಮೊದಲ ರೀಸೆಟ್‌ಗೆ ನೂರಾರು ಮಟ್ಟ ಆಗುವವರೆಗೆ ಕಾಯುವುದು ಯಾಕೆ ಅಂತ ಆಮೇಲೆ ಅರ್ಥವಾಯಿತು.

ಅಡ್ವೆಂಚರ್ ಕ್ಯಾಪಿಟಲಿಸ್ಟ್‌ನಲ್ಲಿ ರೀಸೆಟ್‌ಗೆ ಸಿಗುವುದು ಏಂಜೆಲ್ ಎಂಬ ಹೂಡಿಕೆದಾರರು, ಅವರಿಗೆ ವರ್ಗಮೂಲದ ಲೆಕ್ಕ. ಎರಡು ಪಟ್ಟು ಏಂಜೆಲ್ ಬೇಕಾದರೆ ಗಳಿಕೆ ನಾಲ್ಕು ಪಟ್ಟಾದರೆ ಸಾಕು, ಎಂಟು ಪಟ್ಟು ಬೇಡ. ಒಬ್ಬೊಬ್ಬ ಏಂಜೆಲ್‌ಗೆ ಶೇ. 2 ಲಾಭ. 100 ಇದ್ದರೆ ಗಳಿಕೆ ಮೂರು ಪಟ್ಟು, 200 ಆದರೆ ಐದು ಪಟ್ಟು. ಏಂಜೆಲ್‌ಗಳ ಸಂಖ್ಯೆ ಎರಡು ಪಟ್ಟಾಗುವ ಹಾಗಿದ್ದಾಗ ರೀಸೆಟ್ ಮಾಡುವುದು ನನಗೆ ಚೆನ್ನಾಗಿ ಒಗ್ಗಿತು. ದಿನಗಟ್ಟಲೆ ಹಿಡಿದ ದಾರಿ ಮರುಸಲ ಬೇಗ ಸವೆಯುತ್ತದೆ. ಹಳೆಯ ಗೋಡೆಯನ್ನು ನಿಲ್ಲದೇ ದಾಟುವ ಆ ಹೊತ್ತೇ ಈ ಆಟದ ನಿಜವಾದ ರುಚಿ.

ಇದೇ ಜಾತಿಯ ಇನ್ನೊಂದು ಆಟ ಆಂಟಿಮ್ಯಾಟರ್ ಡೈಮೆನ್ಶನ್ಸ್ ಅನ್ನೂ ಸ್ವಲ್ಪ ಆಡಿದೆ. ಅದರಲ್ಲಿ ದೊಡ್ಡ ರೀಸೆಟ್ ಬರುವುದು ಕೂಡಿಸಿದ ಆಂಟಿಮ್ಯಾಟರ್ ಸುಮಾರು `1.8e308` ಮುಟ್ಟಿದಾಗ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗೆ ಅದೇ ಮಿತಿ, ಅದನ್ನು ದಾಟಿದರೆ ಭಾಷೆಯೇ `Infinity` ಅನ್ನುತ್ತದೆ. ಆ ರೀಸೆಟ್‌ನ ಹೆಸರು Big Crunch, ಅದು ಕೊಡುವ ಅಂಕಗಳ ಹೆಸರೂ Infinity Points. ಎಷ್ಟು ಚಂದದ ಯೋಚನೆ!

ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಿಗುವವರಿಗೆ ನಾನು ಹೇಳುವುದು ಅಡ್ವೆಂಚರ್ ಕ್ಯಾಪಿಟಲಿಸ್ಟ್. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರಿಗೆ ಕುಕ್ಕಿ ಕ್ಲಿಕ್ಕರ್. ನನ್ನ ಫೋನಿನಲ್ಲಿ ಪಾನಕದ ಅಂಗಡಿ ಈಗಿಲ್ಲ. ಅಜ್ಜಿಯರ ಟ್ಯಾಬ್ ಮಾತ್ರ ಇನ್ನೂ ತೆರೆದೇ ಇದೆ.