ಹಸ್ತಾಂತರ ಟಿಪ್ಪಣಿ: ಒಂದು ಪುಟದ್ದೋ, ಆರು ಪುಟದ್ದೋ?

ಪೂರೈಕೆದಾರರ ಬಿಲ್ ಪಾವತಿಯ ಕೆಲಸವನ್ನು ವಹಿಸಿಕೊಂಡಾಗ ನನ್ನ ಕೈಗೆ ಬಂದದ್ದು ಒಂದೇ ಪುಟದ ಟಿಪ್ಪಣಿ. ಅದೇ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವ ಸರದಿ ಬಂದಾಗ ಆ ಪುಟವನ್ನೇ ಮುಂದಿಟ್ಟುಕೊಂಡು, ಒಂದೊಂದು ಸಾಲನ್ನೂ ಬಿಡಿಸಿ, ಆರು ಪುಟಗಳಾಗಿ ಬರೆದೆ. ನನ್ನ ಒಲವು ಆರು ಪುಟದ ಕಡೆಗೇ ಇದೆ. ಅದಕ್ಕೆ ಮುಖ್ಯ ಕಾರಣ ಹಳೆಯ ಟಿಪ್ಪಣಿಯ ಈ ಒಂದು ಸಾಲು:

“ತಿಂಗಳ ಕೊನೆಗೆ ಪಾವತಿ ಫೈಲ್ ತೆಗೆದು, ತಡೆಹಿಡಿದ ಬಿಲ್ ಅಳಿಸಿ, ಬ್ಯಾಂಕಿಗೆ ಅಪ್‌ಲೋಡ್ ಮಾಡುವುದು.”

ಈ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಲೆಕ್ಕದ ತಂತ್ರಾಂಶದಿಂದ ಬರುವುದು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯ. ಅದನ್ನು ನೇರವಾಗಿ ಎರಡು ಬಾರಿ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ, 00417 ಎಂಬ ಪೂರೈಕೆದಾರರ ಕೋಡನ್ನು ಎಕ್ಸೆಲ್ ಒಂದು ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಗಳನ್ನು ಕಿತ್ತು 417 ಮಾಡಿಬಿಡುತ್ತದೆ. ಉಳಿಸದೆ ಮುಚ್ಚಿದರೆ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಆದರೆ ತಡೆಹಿಡಿದ ಬಿಲ್‌ಗಳ ಸಾಲುಗಳನ್ನು ಅಳಿಸಿದ ಮೇಲೆ ಉಳಿಸಲೇಬೇಕಾಗುತ್ತದೆ, ಉಳಿಸಿದೊಡನೆ ಆ ಸೊನ್ನೆಗಳು ಕಾಯಂ ಆಗಿ ಹೋಗುತ್ತವೆ. ಬ್ಯಾಂಕಿನ ಪುಟವು “ಕೋಡ್ ಹೊಂದುತ್ತಿಲ್ಲ” ಎಂದಷ್ಟೇ ಹೇಳಿ ಫೈಲನ್ನು ಹಿಂದಿರುಗಿಸುತ್ತದೆ. ಹೊಸಬರು ಮೊದಲು ಅನುಮಾನಿಸುವುದು ಪೂರೈಕೆದಾರರ ವಿವರಗಳನ್ನೇ ಹೊರತು ಎಕ್ಸೆಲನ್ನಲ್ಲ. ಸೊನ್ನೆಯಿಂದ ಆರಂಭವಾಗದ ಕೋಡುಗಳೆಲ್ಲ ಸರಿಯಾಗಿಯೇ ಹೊಂದುವುದರಿಂದ ಆ ಅನುಮಾನ ಇನ್ನಷ್ಟು ಬಲವಾಗುತ್ತದೆ. ನನ್ನ ಮೊದಲ ತಿಂಗಳ ಕೊನೆಯ ಇಡೀ ಸಂಜೆ ಇದರಲ್ಲೇ ಕಳೆಯಿತು.

ತಿದ್ದಿದ ಟಿಪ್ಪಣಿಯಲ್ಲಿ ಆ ಸಾಲು ಹೀಗಾಯಿತು:

“ಫೈಲನ್ನು ನೇರವಾಗಿ ತೆರೆಯಬೇಡಿ. ಖಾಲಿ ಹಾಳೆಯಲ್ಲಿ Data ಪಟ್ಟಿಯ From Text/CSV ಮೂಲಕ ತನ್ನಿ. ಮುನ್ನೋಟ ಬಂದಾಗ Do not detect data types ಆರಿಸಿ, Load ಒತ್ತಿ. ಮೇಲೆ Column1, Column2 ಎಂಬ ಹೆಚ್ಚುವರಿ ಸಾಲು ಬಂದಿದ್ದರೆ Table Design ಪಟ್ಟಿಯ Convert to Range ಒತ್ತಿ, ಆ ಸಾಲನ್ನು ಅಳಿಸಿ. ಕೋಡುಗಳಲ್ಲಿ ಐದು ಅಂಕಿಗಳೂ ಉಳಿದಿವೆಯೇ ನೋಡಿ. ತಡೆಹಿಡಿದ ಬಿಲ್‌ಗಳನ್ನು ಅಳಿಸಿ, ಸಿಎಸ್‌ವಿಯಾಗಿಯೇ ಉಳಿಸಿ. ಆಮೇಲೆ ಪರೀಕ್ಷಿಸಲು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಎಕ್ಸೆಲ್‌ನಲ್ಲಿ ಮತ್ತೆ ತೆರೆದರೆ ಸೊನ್ನೆಗಳು ಮತ್ತೆ ಮಾಯವಾದಂತೆ ಕಾಣುತ್ತವೆ. ಅಪ್‌ಲೋಡ್ ಆದ ಮೇಲೆ ಬ್ಯಾಂಕಿನ ಪುಟ ತೋರಿಸುವ ಒಟ್ಟು ಮೊತ್ತವು, ಲೆಕ್ಕದ ಪುಸ್ತಕದ ಮೊತ್ತದಿಂದ ತಡೆಹಿಡಿದ ಬಿಲ್‌ಗಳನ್ನು ಕಳೆದಾಗ ಬರುವ ಮೊತ್ತಕ್ಕೆ ಸಮವಾಗಿರಬೇಕು. ಸಮವಾಗಿಲ್ಲದಿದ್ದರೆ ಅನುಮೋದನೆಗೆ ಕಳುಹಿಸಬೇಡಿ.”

ಉದ್ದ ಬೆಳೆಯಿತು, ನಿಜ. ಆದರೆ ಬೆಳೆದ ಪ್ರತಿ ವಾಕ್ಯವೂ ಮೂರರಲ್ಲಿ ಒಂದಕ್ಕೆ ಉತ್ತರ ಕೊಡುತ್ತದೆ: ಹೇಗೆ ಮಾಡುವುದು, ಸರಿಯಾಯಿತೆಂದು ಹೇಗೆ ತಿಳಿಯುವುದು, ಎಲ್ಲಿ ನಿಲ್ಲಿಸುವುದು. ಇವುಗಳಲ್ಲಿ ಎರಡನೆಯದೇ ಹಳೆಯ ಟಿಪ್ಪಣಿಯಲ್ಲಿ ಎಲ್ಲಿಯೂ ಇರಲಿಲ್ಲ.

ಬಾಕಿ ಕೆಲಸಗಳ ವಿಷಯದಲ್ಲೂ ಹೀಗೆಯೇ. “ಸಾಗಣೆಯ ಒಂದು ಬಿಲ್ ಬಾಕಿ” ಎಂದು ಮೊದಲು ಇದ್ದುದನ್ನು, ಯಾವ ಬಿಲ್, ಸರಕು ಕಡಿಮೆ ಬಂದಿದ್ದರಿಂದ ತಡೆಯಲಾಗಿದೆ, ತಿದ್ದಿದ ಬಿಲ್ ಬಂದ ವಾರದಲ್ಲೇ ಪಾವತಿಸುತ್ತೇವೆಂದು ಅವರಿಗೆ ಮಾತು ಕೊಟ್ಟಾಗಿದೆ ಎಂದು ಬರೆದೆ. ಕೊಟ್ಟ ಮಾತು ದಾಖಲೆಯಲ್ಲಿ ಇಲ್ಲದಿದ್ದರೆ ಹೊಸಬರು ಮೊದಲ ಫೋನ್ ಕರೆಯಲ್ಲೇ ಪೇಚಿಗೆ ಸಿಲುಕುತ್ತಾರೆ.

ಸೌಜನ್ಯದ ವಿಷಯದಲ್ಲಿ ನಾನು ಅಳಿಸಿದ್ದೇ ಹೆಚ್ಚು. “ಖರೀದಿ ವಿಭಾಗದವರು ಯಾವತ್ತೂ ತಡ” ಎಂಬ ಮಾತಿನ ಜಾಗದಲ್ಲಿ “ಅವರ ಬಿಲ್‌ಗಳು 25ರೊಳಗೆ ಬರಬೇಕಾದರೆ 20ಕ್ಕೆ ಒಮ್ಮೆ ನೆನಪಿಸುವುದು ಒಳ್ಳೆಯದು” ಎಂದು ಹಾಕಿದೆ. ಹಿಂದಿನವರ ಬೇಸರವನ್ನು ಹೊಸಬರ ತಲೆಗೆ ಕಟ್ಟುವುದರಿಂದ ಬಿಲ್ ಬೇಗ ಬರುವುದಿಲ್ಲ.

ಪಾಸ್‌ವರ್ಡ್‌ಗಳು ಎರಡರಲ್ಲೂ ಇರಲಿಲ್ಲ, ಇರಲೂಬಾರದು. ಹೊಸ ಪ್ರವೇಶವನ್ನು ಯಾರ ಬಳಿ ಕೇಳಬೇಕೆಂಬುದು ಮಾತ್ರ ಸಾಕು.

ಒಂದು ಪುಟದ ಟಿಪ್ಪಣಿ ಗೆಲ್ಲುವ ಕಡೆಯೂ ಇದೆ. ಕೆಲಸ ಕೈಗೆ ಹತ್ತಿದ ಮೇಲೆ ಆರು ಪುಟಗಳನ್ನು ಯಾರೂ ತಿರುವಿ ಹಾಕುವುದಿಲ್ಲ, ದಿನಾಂಕಗಳ ಒಂದು ಪಟ್ಟಿಯಷ್ಟೇ ಬೇಕಾಗುತ್ತದೆ. ಆದ್ದರಿಂದ ಹಳೆಯ ಪುಟವನ್ನು ಎಸೆಯದೆ, ಪ್ರತಿ ಸಾಲಿನ ಮುಂದೆ ವಿವರ ಇರುವ ಪುಟದ ಸಂಖ್ಯೆ ಸೇರಿಸಿ ಮೊದಲಿಗೇ ಇಟ್ಟೆ. ಇನ್ನೊಂದು ಕೊರತೆಯೆಂದರೆ ವಿವರವಾದ ಟಿಪ್ಪಣಿ ಬೇಗ ಹಳತಾಗುತ್ತದೆ. ಬ್ಯಾಂಕಿನ ಪುಟ ಬದಲಾದರೆ ಆ ಹಂತಗಳೂ ಬದಲಾಗಬೇಕು, ಹಾಗಾಗಿ ಪ್ರತಿ ಭಾಗದ ಕೆಳಗೆ ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ ಹಾಕಿದೆ.

ಕೊನೆಯ ದಿನ ಕುಳಿತು ನೆನಪಿನಿಂದ ಬರೆಯುವುದು ನನಗೆ ಒಗ್ಗುವುದಿಲ್ಲ; ಕೆಲಸ ಮಾಡುತ್ತಲೇ ಆಯಾ ಹಂತವನ್ನು ಬರೆದಿಟ್ಟೆ, ಕೊನೆಯ ತಿಂಗಳ ಪಾವತಿ ಮುಗಿಯುವಾಗ ಟಿಪ್ಪಣಿಯೂ ಬಹುಪಾಲು ಮುಗಿದಿತ್ತು. ಅಷ್ಟು ಸಮಯವಿಲ್ಲದೆ ಒಂದೇ ಮಧ್ಯಾಹ್ನ ಸಿಕ್ಕಿದ್ದರೆ, ಪಾವತಿ ಫೈಲಿನ ಸಾಲನ್ನೂ ಬಾಕಿ ಬಿಲ್‌ಗಳ ಸಾಲನ್ನೂ ಮಾತ್ರ ಬಿಡಿಸಿ ಬರೆದು, ಉಳಿದುದನ್ನು ಹಳೆಯ ಪುಟದಲ್ಲಿದ್ದಂತೆಯೇ ಬಿಡುತ್ತಿದ್ದೆ.